ಕೊನೆಯ ಎಲೆಗೂ ಹೋಳಿಗೆ: ಸ್ಲೈಡುಗಳಿಗೆ ನಿಮಿಷ ಹಂಚುವ ಲೆಕ್ಕ

ಎರಡು ವರ್ಷಗಳ ಹಿಂದೆ ಪುಣೆಯಲ್ಲಿ ನಮ್ಮ ಭಾಗದ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ನನಗೆ ಅರ್ಧ ಗಂಟೆ ಕೊಟ್ಟಿದ್ದರು. ಮಕ್ಕಳ ನೃತ್ಯ ಮುಗಿದ ಮೇಲೆ, ಭಾವಗೀತೆ ಶುರುವಾಗುವ ಮುಂಚೆ, ಫೋನಿನಲ್ಲಿ ನಡೆಯುವ ಮೋಸಗಳ ಬಗ್ಗೆ ಹಿರಿಯರಿಗೆ ತಿಳಿಯುವಂತೆ ಮಾತಾಡಬೇಕು ಎಂದಿದ್ದರು. ಐಟಿಯಲ್ಲಿರುವವನು, ದಿನ ಬೆಳಗಾದರೆ ಸ್ಲೈಡು ಹಿಡಿದು ಮಾತಾಡುವವನು, ಇದೇನು ಮಹಾ ಅಂದುಕೊಂಡೆ. 22 ಸ್ಲೈಡ್ ಮಾಡಿದೆ. ಸ್ಲೈಡಿಗೊಂದು ನಿಮಿಷ ಅಂದರೆ 22 ನಿಮಿಷ, ಉಳಿದ 8 ಪ್ರಶ್ನೆಗಳಿಗೆ. ನನ್ನ ಯೋಜನೆ ಅಷ್ಟೇ ಇತ್ತು.

25ನೆಯ ನಿಮಿಷಕ್ಕೆ ನಾನು 13ನೆಯ ಸ್ಲೈಡಿನಲ್ಲಿದ್ದೆ. ನಿರೂಪಣೆ ಮಾಡುತ್ತಿದ್ದ ಅಕ್ಕ ಪಕ್ಕದಿಂದ "5 ನಿಮಿಷ" ಎಂದು ಬರೆದ ಚೀಟಿ ತೋರಿಸಿದರು. ಆಮೇಲೆ ನಡೆದದ್ದು ಮಾತಲ್ಲ, ಓಟ. "ಇದು ಗೊತ್ತೇ ಇದೆ", "ಇದನ್ನು ಆಮೇಲೆ ಓದಿಕೊಳ್ಳಿ" ಎನ್ನುತ್ತ ಒಂಬತ್ತು ಸ್ಲೈಡುಗಳನ್ನು ನಾಲ್ಕು ನಿಮಿಷದಲ್ಲಿ ದಾಟಿಸಿದೆ. ಅದರಲ್ಲಿ 21ನೆಯದು, ಹಣ ಹೋದ ಕೂಡಲೇ ಏನು ಮಾಡಬೇಕು ಎಂಬುದು. 1930 ಎಂಬ ಸಹಾಯವಾಣಿಯ ಸಂಖ್ಯೆ, cybercrime.gov.in ಎಂಬ ವಿಳಾಸ, ಬ್ಯಾಂಕಿಗೆ ಹೇಳಬೇಕಾದದ್ದು ಎಲ್ಲವೂ ಅದರಲ್ಲೇ ಇತ್ತು. ಪರದೆಯ ಮೇಲೆ ಅದು ಮೂರ್ನಾಲ್ಕು ಸೆಕೆಂಡು ಇದ್ದಿರಬೇಕು.

ಮೂರು ತಿಂಗಳ ನಂತರ ಒಂದು ಸಂಜೆ, ಅಂದು ಮೂರನೆಯ ಸಾಲಿನಲ್ಲಿ ಕೂತಿದ್ದ ಕಾಕಾ ಒಬ್ಬರು ಫೋನ್ ಮಾಡಿದರು. ಹಿಂದಿನ ದಿನ ಬೆಳಿಗ್ಗೆ ಅವರ ಖಾತೆಯಿಂದ ಹಣ ಹೋಗಿತ್ತು. ಯಾರಿಗೆ ಹೇಳಬೇಕು ಎಂದು ತಿಳಿಯದೆ, ಬೇರೆ ಊರಿನಲ್ಲಿರುವ ಮಗ ರಾತ್ರಿ ಫೋನಿಗೆ ಸಿಗುವವರೆಗೂ ಕಾದಿದ್ದರು. ನಾನು 1930 ಹೇಳಿದೆ, ಅವರು ದೂರು ಕೊಟ್ಟರು. ಅಷ್ಟರಲ್ಲಿ ಹಣ ಬೇರೆ ಬೇರೆ ಖಾತೆಗಳಿಗೆ ದಾಟಿ ಹೋಗಿತ್ತು. ಆ ಸ್ಲೈಡನ್ನು ನಾನು ನೆಟ್ಟಗೆ ತೋರಿಸಿದ್ದರೆ ಹಣ ಉಳಿಯುತ್ತಿತ್ತು ಎಂದು ಹೇಳಲಾರೆ. ಆದರೆ ಅವರು ಒಂದೂವರೆ ದಿನ ಕಾಯುತ್ತಿರಲಿಲ್ಲ ಎಂಬುದು ಖಚಿತ.

ಮದುವೆಮನೆಯ ಪಂಕ್ತಿಯಲ್ಲಿ ಮೊದಲ ಸಾಲಿಗೆ ಎರಡೆರಡು ಹೋಳಿಗೆ ಬಡಿಸಿ, ಕೊನೆಯ ಎಲೆಗೆ ಬರುವಾಗ ಬರಿದಾದ ತಟ್ಟೆ ತೋರಿಸುವ ಹಾಗೆ ಮಾಡಿದ್ದೆ ನಾನು. ಮರುವರ್ಷ ಅದೇ ಬಳಗ, ಅದೇ ವಿಷಯ, ಅದೇ ಅರ್ಧ ಗಂಟೆ ಮತ್ತೆ ಕೊಟ್ಟಿತು. ಆ ಸಲ ಸ್ಲೈಡ್ ಮಾಡುವುದಕ್ಕಿಂತ ನಿಮಿಷ ಹಂಚುವುದಕ್ಕೆ ಹೆಚ್ಚು ಹೊತ್ತು ಕೊಟ್ಟೆ. ಆ ಲೆಕ್ಕ ಹೇಗೆ ಮಾಡಿದೆ, ಎಲ್ಲಿ ತಪ್ಪಿತು, ಹೇಗೆ ಸರಿಮಾಡಿಕೊಂಡೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಭಾಗಾಕಾರ ಸಾಲದು

ಸಿಕ್ಕಿದ ಹೊತ್ತನ್ನು ಸ್ಲೈಡುಗಳ ಸಂಖ್ಯೆಯಿಂದ ಭಾಗಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ. ಅದು ಸರಿಹೋಗುವ ಜಾಗವೂ ಇದೆ. 2003ರಲ್ಲಿ ಟೋಕಿಯೊದಲ್ಲಿ ಶುರುವಾದ ಪೆಚಕುಚ ಎಂಬ ಪದ್ಧತಿಯಲ್ಲಿ 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್. ಅಲ್ಲಿ ಸ್ಲೈಡು ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಮಾತಾಡುವವರು ತಮ್ಮ ಮಾತನ್ನು 20 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿಕೊಂಡೇ ಬಂದಿರುತ್ತಾರೆ. ಸ್ಲೈಡಿನ ಅಳತೆಗೆ ಮಾತು ಹೊಲಿದದ್ದು ಅದು.

ನಮ್ಮ ಸಾಮಾನ್ಯ ಭಾಷಣಗಳಲ್ಲಿ ಹಾಗಲ್ಲ. ಶೀರ್ಷಿಕೆಯ ಸ್ಲೈಡಿಗೆ ಅರ್ಧ ನಿಮಿಷ ಹೆಚ್ಚಾಯಿತು. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೊ ಕರೆ ಮಾಡುವವನ ಚಿತ್ರಕ್ಕೆ ಎರಡು ನಿಮಿಷವೂ ಸಾಲದು, ಏಕೆಂದರೆ ಅದರ ಹಿಂದೆ ಒಂದು ಕಥೆ ಇದೆ. ಇವೆರಡಕ್ಕೂ ಒಂದೊಂದು ನಿಮಿಷ ಬರೆದರೆ ಕಾಗದದ ಮೇಲಿನ ಮೊತ್ತ ಮಾತ್ರ ಸರಿ ಬರುತ್ತದೆ. ವೇದಿಕೆಯ ಮೇಲೆ ಕಥೆಯುಳ್ಳ ಸ್ಲೈಡುಗಳು ಹಿಗ್ಗುತ್ತವೆ, ಅದರ ಬೆಲೆಯನ್ನು ಕೊನೆಯಲ್ಲಿರುವವು ತೆರುತ್ತವೆ. ಯಾವ ಭಾಷಣ ನೋಡಿದರೂ ಕಥೆಗಳು ಮುಂದೆ, ಕೆಲಸಕ್ಕೆ ಬರುವ ಮಾತು ಹಿಂದೆ. ಹಾಗಾಗಿ ಹೊತ್ತು ತಪ್ಪಿದಾಗ ಕತ್ತರಿ ಬೀಳುವುದು ಯಾವಾಗಲೂ ಕೆಲಸಕ್ಕೆ ಬರುವ ಮಾತಿಗೇ.

ಅರ್ಧ ಗಂಟೆ ಎಂದರೆ 19 ನಿಮಿಷ

ಮೊದಲ ಹೆಜ್ಜೆ ಸ್ಲೈಡುಗಳನ್ನು ಮುಟ್ಟುವುದಲ್ಲ. ಕೊಟ್ಟ ಹೊತ್ತಿನಲ್ಲಿ ನನ್ನ ಮಾತಿಗೆ ನಿಜವಾಗಿ ಸಿಗುವುದೆಷ್ಟು ಎಂದು ಕಳೆಯುತ್ತ ಹೋಗುವುದು.

ನನ್ನ ಹೊತ್ತು ಸಂಜೆ 6:10ರಿಂದ 6:40. ನಿರೂಪಕರು ಪರಿಚಯ ಮಾಡಿಕೊಡಬೇಕು, ನಾನು ಮೈಕಿನ ಹತ್ತಿರ ಬರಬೇಕು, ಲ್ಯಾಪ್‌ಟಾಪಿನ ಚಿತ್ರ ಪರದೆಯ ಮೇಲೆ ಬರಬೇಕು. ಇದಕ್ಕೆ 2 ನಿಮಿಷ. ಹಿರಿಯರ ಪ್ರಶ್ನೆಗಳಿಗೆ 7 ನಿಮಿಷ, ಏಕೆಂದರೆ ಇಂಥ ವಿಷಯದಲ್ಲಿ ಜನ ಕಲಿಯುವುದೇ ಒಬ್ಬರು ಕೇಳಿದ ಪ್ರಶ್ನೆಯಿಂದ ಇನ್ನೊಬ್ಬರು. ಇನ್ನು 2 ನಿಮಿಷ ಯಾವ ಸ್ಲೈಡಿಗೂ ಕೊಡದೆ ಕೈಯಲ್ಲಿಟ್ಟುಕೊಳ್ಳುವುದು. ಮೂವತ್ತರಲ್ಲಿ ಇಷ್ಟನ್ನೂ ಕಳೆದರೆ ಉಳಿಯುವುದು 19.

ಕೈಯಲ್ಲಿಟ್ಟುಕೊಂಡ ಆ 2 ನಿಮಿಷ ಬಿಡಿಗಾಸಲ್ಲ. ಮನೆಯಲ್ಲಿ ಒಬ್ಬನೇ ಮಾತಾಡುವಾಗ ಯಾರೂ ನಗುವುದಿಲ್ಲ, ಯಾರೂ "ಸ್ವಲ್ಪ ಜೋರಾಗಿ ಹೇಳ್ರಿ" ಎನ್ನುವುದಿಲ್ಲ, ಕ್ಲಿಕ್ಕರ್ ಎರಡು ಸಲ ಒತ್ತಿಸಿಕೊಳ್ಳುವುದಿಲ್ಲ. ಸಭೆಯಲ್ಲಿ ಇವೆಲ್ಲ ಇರುತ್ತವೆ. ಮನೆಯಲ್ಲಿ 19 ನಿಮಿಷ ಹಿಡಿದದ್ದು ಸಭೆಯಲ್ಲಿ 21 ಹಿಡಿಯುವುದು ನನ್ನ ಮಟ್ಟಿಗೆ ಮಾಮೂಲು. ಈ ಮೀಸಲು ಮೊದಲೇ ಇಡದಿದ್ದರೆ ಅದು ಪ್ರಶ್ನೆಗಳ ಹೊತ್ತನ್ನು ತಿನ್ನುತ್ತದೆ.

ಕೊನೆಯಿಂದ ಹಿಂದಕ್ಕೆ

19 ನಿಮಿಷವನ್ನು ಹಂಚುವಾಗ ಮೊದಲ ಸ್ಲೈಡಿನಿಂದ ಶುರುಮಾಡಲಿಲ್ಲ. ಸಭೆ ಮುಗಿದು ಮನೆಗೆ ಹೋದ ಮೇಲೆ ಕಾಕಾನಂಥವರಿಗೆ ಒಂದೇ ಒಂದು ವಿಷಯ ನೆನಪಿರಬೇಕಾದರೆ ಅದು ಯಾವುದು ಎಂದು ಕೇಳಿಕೊಂಡೆ. ಹಣ ಹೋದ ಮೊದಲ ಗಂಟೆಯಲ್ಲಿ ಏನು ಮಾಡಬೇಕು ಎಂಬುದು. ಹಣ ಇನ್ನೊಂದು ಖಾತೆಗೆ, ಅಲ್ಲಿಂದ ಮತ್ತೊಂದಕ್ಕೆ ದಾಟುವ ಮುಂಚೆ ದೂರು ಮುಟ್ಟಿದರೆ ಮಾತ್ರ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಅದಕ್ಕೆ ಮೊದಲು 4 ನಿಮಿಷ ಬರೆದೆ. ಸಭೆಯಲ್ಲೇ ಎಲ್ಲರೂ ತಮ್ಮ ಫೋನಿನಲ್ಲಿ 1930 ಉಳಿಸಿಕೊಳ್ಳಲು ಬೇಕಾಗುವ ಹೊತ್ತೂ ಅದರಲ್ಲೇ ಸೇರಿದೆ. ಆಮೇಲೆ ಮುಕ್ತಾಯಕ್ಕೆ 2. ಹೀಗೆ ಕೊನೆಯ 6 ನಿಮಿಷಕ್ಕೆ ಬೇಲಿ ಹಾಕಿದ ಮೇಲೆ ಉಳಿದ 13 ನಿಮಿಷವನ್ನು ಮಿಕ್ಕ ಭಾಗಗಳು ಹಂಚಿಕೊಳ್ಳಬೇಕು.

ಆ ಭಾಗವನ್ನೇ ಮುಂದಕ್ಕೆ ತಂದರಾಗದೇ ಎಂದು ಹೆಂಡತಿ ಕೇಳಿದಳು. ಪ್ರಯತ್ನಿಸಿ ನೋಡಿದೆ. ಮೋಸ ಹೇಗೆ ಆಗುತ್ತದೆ ಎಂದೇ ಗೊತ್ತಿಲ್ಲದವರಿಗೆ ದೂರು ಕೊಡುವ ಕ್ರಮ ಹೇಳಿದರೆ ಅದು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಕೊನೆಯಲ್ಲಿ ಬರುವುದು ಅದರ ಸಹಜ ಜಾಗ. ಹಾಗಾಗಿ ಜಾಗ ಬದಲಿಸುವ ಬದಲು ಅದರ ನಿಮಿಷಗಳನ್ನು ಕಾಯುವ ಏರ್ಪಾಟು ಬೇಕಿತ್ತು.

ಸ್ಲೈಡುಗಳು 22ರಿಂದ 14ಕ್ಕೆ ಇಳಿದವು. ಐದು ಭಾಗಗಳಾಗಿ ಹಂಚಿಕೆ ಹೀಗಿತ್ತು:

| ಭಾಗ | ಸ್ಲೈಡುಗಳು | ನಿಮಿಷ | ಬಿಡುವ ಸಮಯ |
|---|---|---|---|
| ಆರಂಭ: ಒಂದು ಫೋನ್ ಕರೆಯ ಕಥೆ | 1–2 | 2 | 6:14 |
| ಯುಪಿಐ: ಪಿನ್ ಯಾವಾಗ, ಕ್ಯೂಆರ್ ಯಾವುದಕ್ಕೆ | 3–6 | 5 | 6:19 |
| "ಡಿಜಿಟಲ್ ಅರೆಸ್ಟ್" ನಾಟಕ | 7–10 | 6 | 6:25 |
| ಹಣ ಹೋದರೆ ಮೊದಲ ಗಂಟೆ | 11–13 | 4 | 6:29 |
| ಮುಕ್ತಾಯ: ಮನೆಗೆ ಒಯ್ಯುವ ಮೂರು ಮಾತು | 14 | 2 | 6:31 |

ಭಾಗದೊಳಗೆ ಸ್ಲೈಡುಗಳಿಗೆ ಸಮನಾಗಿ ಹಂಚಲಿಲ್ಲ. ಯುಪಿಐ ಭಾಗವನ್ನೇ ನೋಡಿ. ಹಣ ಹೇಗೆ ಚಲಿಸುತ್ತದೆ ಎಂಬ 3ನೆಯ ಸ್ಲೈಡಿಗೆ 1 ನಿಮಿಷ. ಪಿನ್ ಒತ್ತುವುದು ಹಣ ಕೊಡುವಾಗ ಮಾತ್ರ, ಪಡೆಯುವಾಗ ಎಂದೂ ಬೇಡ ಎಂಬ 4ನೆಯದಕ್ಕೆ ಒಂದೂವರೆ. "ಹಣ ಬರಬೇಕಾದರೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎಂದು ನಂಬಿಸುವ ಆಟ ತೋರಿಸುವ 5ನೆಯದಕ್ಕೂ ಒಂದೂವರೆ. ಸಾರ ಹೇಳುವ 6ನೆಯದಕ್ಕೆ 1. ಡಿಜಿಟಲ್ ಅರೆಸ್ಟ್ ಭಾಗದಲ್ಲಿ ಕರೆ ಹೇಗೆ ಹಂತಹಂತವಾಗಿ ಬಿಗಿಯಾಗುತ್ತದೆ ಎಂಬ 9ನೆಯ ಸ್ಲೈಡೊಂದಕ್ಕೇ ಎರಡೂವರೆ ನಿಮಿಷ. ಅಂಥ ಬಂಧನ ಕಾನೂನಿನಲ್ಲೇ ಇಲ್ಲ ಎಂಬ 10ನೆಯದಕ್ಕೆ 1 ನಿಮಿಷ ಸಾಕು.

"ಬಿಡುವ ಸಮಯ" ಎಂಬ ಕೊನೆಯ ಅಂಕಣವೇ ವೇದಿಕೆಯ ಮೇಲೆ ಕೆಲಸಕ್ಕೆ ಬರುವುದು. ಈ ಸ್ಲೈಡಿಗೆ ಒಂದೂವರೆ ನಿಮಿಷ ಎಂದು ಬರೆದುಕೊಂಡರೆ ಮಾತಾಡುತ್ತ ಅದನ್ನು ಎಣಿಸಲಾಗುವುದಿಲ್ಲ. ಆದರೆ 6:19ಕ್ಕೆ ಯುಪಿಐ ಮುಗಿದಿರಬೇಕು ಎಂಬುದನ್ನು ಗಡಿಯಾರ ಒಮ್ಮೆ ನೋಡಿದರೆ ತಿಳಿಯುತ್ತದೆ. ಎಕ್ಸೆಲ್‌ನಲ್ಲಿ C ಅಂಕಣದಲ್ಲಿ ನಿಮಿಷಗಳನ್ನು, F1ರಲ್ಲಿ ಮಾತು ಶುರುವಾಗುವ ಸಮಯವನ್ನು 18:12 ಎಂದು ಬರೆದು, ಎರಡನೆಯ ಸಾಲಿನಲ್ಲಿ ಇದನ್ನು ಹಾಕಿ ಕೆಳಗೆ ಎಳೆದರೆ ಸಾಕು:

```
=$F$1+SUM(C$2:C2)/1440
```

ಎಕ್ಸೆಲ್ ಒಂದು ದಿನವನ್ನು 1 ಎಂದು ಎಣಿಸುತ್ತದೆ, ದಿನಕ್ಕೆ 1440 ನಿಮಿಷ, ಅದಕ್ಕೇ ಆ ಭಾಗಾಕಾರ. ಉತ್ತರ ದಶಮಾಂಶದಲ್ಲಿ ಬಂದರೆ ಆ ಅಂಕಣದ ಫಾರ್ಮ್ಯಾಟನ್ನು ಸಮಯಕ್ಕೆ ಬದಲಿಸಿ. ಕಾರ್ಯಕ್ರಮ ತಡವಾದರೆ F1 ಒಂದನ್ನು ತಿದ್ದಿದರೆ ಎಲ್ಲ ಸಮಯಗಳೂ ತಾವೇ ಸರಿಯುತ್ತವೆ.

ಒಂದು ನಿಮಿಷಕ್ಕೆ ಎಷ್ಟು ಕನ್ನಡ?

ಒಂದು ಸ್ಲೈಡಿಗೆ ಎಷ್ಟು ನಿಮಿಷ ಬೇಕು ಎಂದು ಅಂದಾಜಿಸುವುದು ಹೇಗೆ? ಸ್ಲೈಡಿನ ಮೇಲೆ ಬರೆದಿರುವುದನ್ನು ನೋಡಿದರೆ ತಿಳಿಯುವುದಿಲ್ಲ. ಹೇಳಬೇಕಾದದ್ದನ್ನು ಬರೆದು ನೋಡಬೇಕು. ಎಲ್ಲ ಸ್ಲೈಡಿಗೂ ಬೇಡ, ಉದ್ದವೆನಿಸುವ ಮೂರ್ನಾಲ್ಕಕ್ಕೆ ಸಾಕು.

ಇಲ್ಲಿ ನಾನು ಎಡವಿದ ಒಂದು ಕಲ್ಲು ಇದೆ. ಆಫೀಸಿನ ಅಭ್ಯಾಸದಲ್ಲಿ ನಿಮಿಷಕ್ಕೆ ಸುಮಾರು 130 ಪದ ಎಂದು ಲೆಕ್ಕ ಹಿಡಿದಿದ್ದೆ. ಅದು ಇಂಗ್ಲಿಷ್ ಮಾತಿನ ಲೆಕ್ಕ. ಕನ್ನಡದಲ್ಲಿ ವಿಭಕ್ತಿ, ಕಾಲ, ಪ್ರತ್ಯಯ ಎಲ್ಲವೂ ಪದದೊಳಗೇ ಕೂರುತ್ತವೆ. "ಕೊಡಬೇಕಾಗಿಲ್ಲ" ಎಂಬುದು ನಮಗೆ ಒಂದೇ ಪದ, ಬಾಯಿಗೆ ಮಾತ್ರ ಆರು ಅಕ್ಷರ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಎಣಿಸಿದಾಗ, ಹಿರಿಯರಿಗೆ ಅರ್ಥವಾಗುವ ನಿಧಾನದಲ್ಲಿ ನನ್ನ ಕನ್ನಡ ನಿಮಿಷಕ್ಕೆ 85ರಿಂದ 90 ಪದ ಮಾತ್ರ ಬಂತು. ಅಂದರೆ 130ರ ಲೆಕ್ಕದಲ್ಲಿ 6 ನಿಮಿಷಕ್ಕೆಂದು ಬರೆದದ್ದು ನಿಜದಲ್ಲಿ 9 ನಿಮಿಷ ಹಿಡಿಯುತ್ತದೆ. ನಿಮ್ಮ ಸಂಖ್ಯೆ ಬೇರೆ ಇರಬಹುದು. ಎರಡು ನಿಮಿಷ ರೆಕಾರ್ಡ್ ಮಾಡಿ ಎಣಿಸಿದರೆ ಅದು ಸಿಕ್ಕಿಬಿಡುತ್ತದೆ.

ಪದಗಳ ಲೆಕ್ಕಕ್ಕೆ ಸಿಗದ ಸ್ಲೈಡುಗಳೂ ಇವೆ. ಜನ ಪರದೆ ನೋಡಿ ಏನಾದರೂ ಓದಬೇಕಾದರೆ ಆಗ ನಾನು ಸುಮ್ಮನಿರಬೇಕು. ಏನಾದರೂ ಮಾಡಬೇಕಾದರೆ, ಉದಾಹರಣೆಗೆ ಫೋನ್ ತೆಗೆದು ಸಂಖ್ಯೆ ಉಳಿಸಿಕೊಳ್ಳಬೇಕಾದರೆ, ಕನ್ನಡಕ ಹುಡುಕುವ ಹೊತ್ತನ್ನೂ ಸೇರಿಸಬೇಕು. 11ನೆಯ ಸ್ಲೈಡಿನಲ್ಲಿ ನನ್ನ ಮಾತು ಮುಕ್ಕಾಲು ನಿಮಿಷದ್ದು. ಅದಕ್ಕೆ ನಾನು ಕೊಟ್ಟದ್ದು 2 ನಿಮಿಷ.

ಮೊತ್ತ ಹೇಳುವ ಸುಳ್ಳು

ಹಂಚಿಕೆ ಆದ ಮೇಲೆ ಒಮ್ಮೆ ನಿಂತು, ದನಿ ತೆಗೆದು, ಪೂರ್ತಿ ಮಾತಾಡಿ ನೋಡಿದೆ. ಮನಸ್ಸಿನಲ್ಲೇ ಓದಿಕೊಂಡರೆ ಅರ್ಧ ಹೊತ್ತಿಗೇ ಮುಗಿದಂತೆ ಅನಿಸುತ್ತದೆ, ಆ ಅಳತೆ ಉಪಯೋಗಕ್ಕಿಲ್ಲ. ಪವರ್‌ಪಾಯಿಂಟಿನ Slide Show ಪಟ್ಟಿಯಲ್ಲಿ Rehearse Timings ಎಂದಿದೆ. ಅದನ್ನು ಒತ್ತಿ ಮಾತಾಡುತ್ತ ಹೋದರೆ ಪ್ರತಿ ಸ್ಲೈಡಿಗೆ ಹಿಡಿದ ಹೊತ್ತನ್ನು ಅದೇ ಬರೆದುಕೊಳ್ಳುತ್ತದೆ. ಕೊನೆಯಲ್ಲಿ ಈ ಸಮಯಗಳನ್ನು ಉಳಿಸಬೇಕೆ ಎಂದು ಕೇಳುತ್ತದೆ. ಉಳಿಸಿದರೆ Slide Sorter ನೋಟದಲ್ಲಿ ಪ್ರತಿ ಸ್ಲೈಡಿನ ಕೆಳಗೆ ಅದರ ಸಮಯ ಕಾಣುತ್ತದೆ.

ಹಾಗೆ ಉಳಿಸಿದವರು ಒಂದು ಎಚ್ಚರ ವಹಿಸಬೇಕು. ಉಳಿಸಿದ ಸಮಯಕ್ಕೆ ಸರಿಯಾಗಿ ಸ್ಲೈಡುಗಳು ಸಭೆಯಲ್ಲಿ ತಾವಾಗಿಯೇ ಓಡಲು ಶುರುಮಾಡುತ್ತವೆ. ಒಮ್ಮೆ ಆಫೀಸಿನಲ್ಲಿ ನಾನು ಒಂದು ವಾಕ್ಯದ ನಡುವೆ ಇದ್ದಾಗ ಸ್ಲೈಡು ಮುಂದೆ ಹೋಗಿ, ಪ್ರೊಜೆಕ್ಟರ್ ಕೆಟ್ಟಿದೆ ಎಂದು ಹತ್ತು ಜನ ಎದ್ದಿದ್ದರು. ಸಂಖ್ಯೆಗಳನ್ನು ಹಾಳೆಗೆ ಬರೆದುಕೊಂಡ ಮೇಲೆ ಅದೇ ಪಟ್ಟಿಯಲ್ಲಿರುವ Use Timings ಎಂಬುದರ ಗುರುತು ತೆಗೆದುಬಿಡಿ.

ನನ್ನ ಮೊದಲ ಅಭ್ಯಾಸದಲ್ಲಿ ಬಂದದ್ದು ಹೀಗೆ. ಆರಂಭಕ್ಕೆ 3 ನಿಮಿಷ 10 ಸೆಕೆಂಡ್, ಯುಪಿಐಗೆ 5:20, ಡಿಜಿಟಲ್ ಅರೆಸ್ಟಿಗೆ 9:00, ಮೊದಲ ಗಂಟೆಗೆ 2:40, ಮುಕ್ತಾಯಕ್ಕೆ 1:00. ಒಟ್ಟು 21 ನಿಮಿಷ 10 ಸೆಕೆಂಡ್.

ಮೊತ್ತ ಮಾತ್ರ ನೋಡಿದ್ದರೆ ಎರಡು ನಿಮಿಷ ಹೆಚ್ಚಾಯಿತು, ಸ್ವಲ್ಪ ಬೇಗ ಮಾತಾಡಿದರಾಯಿತು ಎಂದು ಮಲಗುತ್ತಿದ್ದೆ. ಭಾಗಭಾಗವಾಗಿ ನೋಡಿದಾಗ ರೋಗ ಕಂಡಿತು. ಡಿಜಿಟಲ್ ಅರೆಸ್ಟ್ ತನ್ನ ಪಾಲಿಗಿಂತ 3 ನಿಮಿಷ ಹೆಚ್ಚು ತಿಂದಿತ್ತು. ಅದನ್ನು ಕಂಡು ಗಾಬರಿಯಾದ ನಾನು, ನನಗೇ ಅರಿವಿಲ್ಲದೆ, ಯಾವುದಕ್ಕಾಗಿ ಇಷ್ಟೆಲ್ಲ ಲೆಕ್ಕ ಮಾಡಿದ್ದೆನೋ ಅದೇ ಭಾಗವನ್ನು 4ರಿಂದ 2:40ಕ್ಕೆ ಇಳಿಸಿದ್ದೆ. ಮನೆಯ ಕೋಣೆಯಲ್ಲಿ, ಚೀಟಿ ತೋರಿಸುವವರು ಯಾರೂ ಇಲ್ಲದಾಗಲೂ! ಹಿಂದಿನ ವರ್ಷದ ತಪ್ಪೇ ಸಣ್ಣ ರೂಪದಲ್ಲಿ ಮರುಕಳಿಸಿತ್ತು. ಅಭ್ಯಾಸದ ಫಲ ನೋಡುವಾಗ ಒಟ್ಟು ಎಷ್ಟಾಯಿತು ಎಂಬುದಕ್ಕಿಂತ ಯಾರ ಪಾಲು ಯಾರು ತಿಂದರು ಎಂದು ನೋಡಬೇಕು.

ತಿದ್ದುಪಡಿ ವೇಗದಲ್ಲಿ ಮಾಡಲಿಲ್ಲ, ವಿಷಯದಲ್ಲಿ ಮಾಡಿದೆ. 9ನೆಯ ಸ್ಲೈಡಿನಲ್ಲಿ ಎರಡು ಘಟನೆ ಹೇಳುತ್ತಿದ್ದೆ, ಒಂದನ್ನು ತೆಗೆದೆ. ಆರಂಭದ ಕಥೆಯಲ್ಲಿ ನನ್ನ ಪರಿಚಯ ನಾನೇ ಮಾಡಿಕೊಳ್ಳುತ್ತಿದ್ದೆ, ಅದನ್ನು ನಿರೂಪಕರಿಗೆ ಬಿಟ್ಟೆ. ಎರಡನೆಯ ಅಭ್ಯಾಸದಲ್ಲಿ 2:00, 5:10, 6:20, 4:10, 1:50 ಬಂತು. ಒಟ್ಟು 19 ನಿಮಿಷ 30 ಸೆಕೆಂಡ್. ಮೀಸಲಿನಿಂದ ಅರ್ಧ ನಿಮಿಷ ಹೋದರೂ ಹಂಚಿಕೆ ನೆಟ್ಟಗಿತ್ತು.

ಬಿಡುವುದನ್ನು ಮೊದಲೇ ಬರೆದಿಡುವುದು

ವೇದಿಕೆಯ ಮೇಲೆ ನಿಂತು, ನೂರು ಮುಖಗಳು ನೋಡುತ್ತಿರುವಾಗ, ಯಾವ ಸ್ಲೈಡ್ ಬಿಡಲಿ ಎಂದು ಯೋಚಿಸಿದರೆ ಕೈಗೆ ಸಿಕ್ಕಿದ್ದನ್ನು ಬಿಡುತ್ತೇವೆ. ಕೈಗೆ ಸಿಗುವುದು ಮುಂದಿನದು. ಹಾಗಾಗಿ ಆ ನಿರ್ಧಾರವನ್ನು ಮನೆಯಲ್ಲೇ ಮಾಡಿ ಹಾಳೆಯ ಮೇಲೆ ಬರೆದೆ.

ಗಡಿಯಾರ ನೋಡುವ ಜಾಗಗಳು ಎರಡೇ: ಯುಪಿಐ ಮುಗಿದಾಗ, ಡಿಜಿಟಲ್ ಅರೆಸ್ಟ್ ಮುಗಿದಾಗ. ಯುಪಿಐ ಮುಗಿಯುವಾಗ ಒಂದು ನಿಮಿಷದೊಳಗೆ ತಡವಾಗಿದ್ದರೆ ಏನೂ ಮಾಡಬೇಕಿಲ್ಲ, ಮೀಸಲು ಇದೆ. ಎರಡು ನಿಮಿಷ ತಡವಾಗಿದ್ದರೆ ಚಿತ್ರದ 8ನೆಯ ಸ್ಲೈಡ್ ಬಿಡಬೇಕು. ಡಿಜಿಟಲ್ ಅರೆಸ್ಟ್ ಮುಗಿಸಬೇಕಾದ ಗಂಟೆ ಹೊಡೆದಾಗ ಎಲ್ಲಿದ್ದರೂ ಸರಿ, ಕೈಯಲ್ಲಿದ್ದ ವಾಕ್ಯ ಮುಗಿಸಿ 11ಕ್ಕೆ ಹೋಗಬೇಕು. 11, 12, 13 ಯಾವ ಕಾರಣಕ್ಕೂ ಕತ್ತರಿಸುವಂತಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದೆ.

ನಡುವಿನ ಸ್ಲೈಡುಗಳನ್ನು ಜನರ ಮುಂದೆ ಸರಸರ ದಾಟಿಸಬೇಕಾಗಿಲ್ಲ. ಪ್ರದರ್ಶನ ನಡೆಯುತ್ತಿರುವಾಗಲೇ ಕೀಲಿಮಣೆಯಲ್ಲಿ 11 ಒತ್ತಿ Enter ಒತ್ತಿದರೆ ನೇರ ಅಲ್ಲಿಗೆ ಹೋಗುತ್ತದೆ. ಏನನ್ನೋ ಬಿಟ್ಟರು ಎಂದು ಯಾರಿಗೂ ಗೊತ್ತಾಗುವುದಿಲ್ಲ, "ಹೊತ್ತಿಲ್ಲ, ಕ್ಷಮಿಸಿ" ಎಂಬ ಮಾತೂ ಬೇಡ. ಇದಕ್ಕಾಗಿ ಹಾಳೆಯಲ್ಲಿ ಸ್ಲೈಡಿನ ಹೆಸರಿನ ಜತೆಗೆ ಸಂಖ್ಯೆಯೂ ಇರಬೇಕು, ಮತ್ತು ನೀವು ಲ್ಯಾಪ್‌ಟಾಪಿಗೆ ಕೈ ಎಟಕುವ ದೂರದಲ್ಲಿರಬೇಕು. ಕ್ಲಿಕ್ಕರಿನಲ್ಲಿ ಈ ಕೆಲಸ ಸಾಮಾನ್ಯವಾಗಿ ಆಗುವುದಿಲ್ಲ.

ನಮ್ಮ ಕನ್ನಡ ಬಳಗಗಳ ಕಾರ್ಯಕ್ರಮ ಬಲ್ಲವರಿಗೆ ಇನ್ನೊಂದು ಅಪಾಯ ಹೇಳಬೇಕಾಗಿಲ್ಲ. ದೀಪ ಬೆಳಗುವುದೇ ಇಪ್ಪತ್ತು ನಿಮಿಷ ತಡವಾಗಿರುತ್ತದೆ, ಸನ್ಮಾನದ ಪಟ್ಟಿ ಉದ್ದವಾಗಿರುತ್ತದೆ, ಅರ್ಧ ಗಂಟೆ ಎಂದಿದ್ದದ್ದು ಕೊನೆಗಳಿಗೆಯಲ್ಲಿ "ಇಪ್ಪತ್ತರಲ್ಲಿ ಮುಗಿಸ್ತೀರಾ?" ಎಂದಾಗುತ್ತದೆ. ಆದ್ದರಿಂದ ಹಾಳೆಯ ಹಿಂಬದಿಯಲ್ಲಿ 20 ನಿಮಿಷದ ಯೋಜನೆಯೂ ಇತ್ತು. ಅದು ಮೊದಲನೆಯದನ್ನು ಎಲ್ಲೆಡೆ ಮೂರನೇ ಒಂದು ಪಾಲು ಸಣ್ಣದು ಮಾಡಿದ್ದಲ್ಲ. ಹಾಗೆ ಮಾಡಿದರೆ ಪ್ರತಿಯೊಂದೂ ಅರೆಬೆಂದಿರುತ್ತದೆ. ಪರಿಚಯಕ್ಕೆ 1, ಮೀಸಲು 1, ಪ್ರಶ್ನೆಗೆ 4 ತೆಗೆದರೆ ಮಾತಿಗೆ 14. ಆರಂಭಕ್ಕೆ 2ನೆಯ ಸ್ಲೈಡ್ ಮಾತ್ರ, 1 ನಿಮಿಷ. ಯುಪಿಐನಲ್ಲಿ ಪಿನ್ನಿನ 4ನೆಯ ಸ್ಲೈಡ್ ಮಾತ್ರ, 2 ನಿಮಿಷ. ಡಿಜಿಟಲ್ ಅರೆಸ್ಟಿನಲ್ಲಿ 7, 9, 10 ಸೇರಿ 5 ನಿಮಿಷ. ಮೊದಲ ಗಂಟೆಗೆ ಅದೇ 4 ನಿಮಿಷ, ಮುಕ್ತಾಯಕ್ಕೆ ಅದೇ 2. ಹತ್ತು ನಿಮಿಷ ಕಡಿಮೆಯಾದರೂ ಕೊನೆಯ ಎಲೆಗೆ ಬಡಿಸಬೇಕಾದದ್ದು ಕಡಿಮೆಯಾಗಲಿಲ್ಲ.

ಆ ಸಂಜೆ

ಅಂದುಕೊಂಡಂತೆಯೇ ಆಯಿತು. ನನ್ನ ಹೆಸರು ಕೂಗಿದ್ದು 6:37ಕ್ಕೆ, ಅದೂ 20 ನಿಮಿಷದಲ್ಲಿ ಮುಗಿಸಿ ಎಂಬ ಪಿಸುಮಾತಿನೊಂದಿಗೆ. ಹಾಳೆ ತಿರುವಿದೆ. ಪರಿಚಯ ನಡೆಯುತ್ತಿರುವಾಗ ಪೆನ್ಸಿಲಿನಲ್ಲಿ ಐದು ಸಮಯ ಬರೆದುಕೊಂಡೆ: 6:39, 6:41, 6:46, 6:50, 6:52. ಕೈಗಡಿಯಾರ ಬಿಚ್ಚಿ ಲ್ಯಾಪ್‌ಟಾಪಿನ ಪಕ್ಕ ಇಟ್ಟೆ. ಮಾತಿನ ನಡುವೆ ಮಣಿಕಟ್ಟು ನೋಡಿಕೊಂಡರೆ ಕೇಳುವವರೂ ತಮ್ಮ ಗಡಿಯಾರ ನೋಡಿಕೊಳ್ಳುತ್ತಾರೆ, ಮೇಜಿನ ಮೇಲಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಯುಪಿಐ 6:41ಕ್ಕೆ ಸರಿಯಾಗಿ ಮುಗಿಯಿತು. ಡಿಜಿಟಲ್ ಅರೆಸ್ಟಿನ 9ನೆಯ ಸ್ಲೈಡಿನಲ್ಲಿದ್ದಾಗ ಎರಡನೆಯ ಸಾಲಿನ ಅಜ್ಜಿಯೊಬ್ಬರು ಕೈಯೆತ್ತಿ, ತಮಗೂ ಅಂಥದೇ ಕರೆ ಬಂದಿತ್ತು ಎಂದು ಹೇಳತೊಡಗಿದರು. ಅವರನ್ನು ತಡೆಯಲು ಮನಸ್ಸಾಗಲಿಲ್ಲ, ತಡೆಯಬಾರದು ಕೂಡ. ನನ್ನ ಎರಡು ಸ್ಲೈಡಿಗಿಂತ ಅವರ ಮಾತು ಹೆಚ್ಚು ನಾಟಿತು. ಆ ಭಾಗ ಮುಗಿದಾಗ 6:47 ದಾಟಿ ಅರ್ಧ ನಿಮಿಷ. ಒಂದೂವರೆ ನಿಮಿಷ ತಡ. ಮೀಸಲಿನ ಒಂದು ನಿಮಿಷ ಅಲ್ಲಿಗೆ ಹೋಯಿತು, ಉಳಿದ ಅರ್ಧ ನಿಮಿಷವನ್ನು ಮುಕ್ತಾಯದಿಂದ ತೆಗೆಯುವುದೆಂದು ಅಲ್ಲೇ ತೀರ್ಮಾನಿಸಿದೆ. ಹಾಳೆ ಎದುರಿಗಿದ್ದುದರಿಂದ ಆ ತೀರ್ಮಾನಕ್ಕೆ ಎರಡು ಸೆಕೆಂಡು ಸಾಕಾಯಿತು.

11ನೆಯ ಸ್ಲೈಡಿನ ಮುಂದೆ ನಿಂತು ಎಲ್ಲರಿಗೂ ಫೋನ್ ತೆಗೆಯಲು ಹೇಳಿದೆ. ಕೆಲವರಿಗೆ ಪಕ್ಕದವರು ಉಳಿಸಿಕೊಟ್ಟರು. ಬ್ಯಾಂಕಿನ ಹೆಸರು, ಹೋದ ಮೊತ್ತ, ಹೋದ ದಿನ ಮತ್ತು ಸಮಯ, ವಹಿವಾಟಿನ ಸಂಖ್ಯೆ, ಈ ನಾಲ್ಕು ಕೈಯಲ್ಲಿಟ್ಟುಕೊಂಡು ಕರೆ ಮಾಡಬೇಕು ಎಂದು ಎರಡು ಸಲ ಹೇಳುವಷ್ಟು ಹೊತ್ತಿತ್ತು. 6:53ಕ್ಕೆ ಪ್ರಶ್ನೆಗಳು ಶುರುವಾದವು.

ಕೊನೆಯ ಪ್ರಶ್ನೆ ಕಾಕಾನದು. ಅವತ್ತೂ ಮೂರನೆಯ ಸಾಲಿನಲ್ಲೇ ಕೂತಿದ್ದರು. "ತಮ್ಮಾ, ಹೋದ ವರ್ಷ ಈ ನಂಬರ್ ಹೇಳಿದ್ದಿ ಏನು?" ಎಂದು ಕೇಳಿದರು. ಆರೋಪದ ದನಿ ಇರಲಿಲ್ಲ, ತಾವೇ ಮರೆತಿದ್ದೆವೇನೋ ಎಂಬ ಅನುಮಾನ ಇತ್ತು.

"ತೋರಿಸಿದ್ದೆ ಕಾಕಾ, ಹೇಳಿರಲಿಲ್ಲ" ಎಂದೆ.

ಅವರು ತಲೆಯಾಡಿಸಿ ಕೂತರು. 6:57 ಆಗಿತ್ತು. ಭಾವಗೀತೆ ಹಾಡುವವರು ಹಾರ್ಮೋನಿಯಂ ಹಿಡಿದು ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ನಾನು ಗಡಿಯಾರ ಕಟ್ಟಿಕೊಂಡು, ಹಾಳೆ ಮಡಿಸಿಕೊಂಡು ಕೆಳಗಿಳಿದೆ.